ನಕ್ಷತ್ರದ ಹುಟ್ಟಿನ ದ್ರವ್ಯರಾಶಿಯಿಂದ ಅಂತಿಮ ಉಳಿಕೆಯವರೆಗೆ: ತರಗತಿಗೊಂದು ಚಾರ್ಟ್ ಬರೆಯುವ ಬಗೆ

ನಕ್ಷತ್ರಗಳ ಜೀವನದ ಹಂತಗಳನ್ನು ಚಾರ್ಟ್ ಮಾಡಿಕೊಂಡು ಬನ್ನಿ ಎಂದರೆ, ವಿಜಯಪುರದಲ್ಲಿ ನಾನು ಪಾಠ ಮಾಡುವ ಪದವಿ ತರಗತಿಯ ವಿದ್ಯಾರ್ಥಿಗಳು ಅಚ್ಚುಕಟ್ಟಾಗಿ ಬಣ್ಣ ತುಂಬಿ ತರುತ್ತಾರೆ. ಆದರೆ ಆ ಹಾಳೆಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ‘ಸೂರ್ಯನ 1.4 ಪಟ್ಟಿಗಿಂತ ಕಡಿಮೆ ದ್ರವ್ಯರಾಶಿಯಿರುವ ನಕ್ಷತ್ರ ಶ್ವೇತ ಕುಬ್ಜವಾಗುತ್ತದೆ; ಅದಕ್ಕಿಂತ ಹೆಚ್ಚಿದ್ದರೆ ನ್ಯೂಟ್ರಾನ್ ನಕ್ಷತ್ರ; ಇನ್ನೂ ಹೆಚ್ಚಿದ್ದರೆ ಕಪ್ಪು ಕುಳಿ.’ ಈ ಸಾಲು ನಿಜವಾಗಿದ್ದರೆ ಸೂರ್ಯನ ಸುಮಾರು ಎರಡು ಪಟ್ಟು ರಾಶಿಯ ಲುಬ್ಧಕ ಮುಂದೊಂದು ದಿನ ನ್ಯೂಟ್ರಾನ್ ನಕ್ಷತ್ರವಾಗಬೇಕಿತ್ತು. ಅದು ಹಾಗಾಗುವುದಿಲ್ಲ. ಅದೂ ಶ್ವೇತ ಕುಬ್ಜವೇ, ಅಂದರೆ ಉರಿ ನಿಂತು ತಣಿಯುತ್ತಿರುವ ತಿರುಳೇ ಆಗುತ್ತದೆ.

1.4 ಎಂಬ ಅಂಕಿ ಸುಳ್ಳಲ್ಲ. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೊರಟಿದ್ದ ಹತ್ತೊಂಬತ್ತರ ತರುಣ ಸುಬ್ರಹ್ಮಣ್ಯನ್ ಚಂದ್ರಶೇಖರ್ ಆರಂಭಿಸಿದ ಲೆಕ್ಕದಿಂದ ಬಂದ ಮಿತಿ ಅದು. ಆದರೆ ಆ ಮಿತಿ ಅನ್ವಯಿಸುವುದು ನಕ್ಷತ್ರ ಸತ್ತ ಮೇಲೆ ಉಳಿಯುವ ತಿರುಳಿಗೆ, ಹುಟ್ಟಿದಾಗಿನ ಇಡೀ ನಕ್ಷತ್ರಕ್ಕಲ್ಲ. ಹುಟ್ಟಿನ ರಾಶಿಗೂ ಉಳಿಕೆಯ ರಾಶಿಗೂ ನಡುವೆ ನಕ್ಷತ್ರ ತನ್ನ ಮೈಯ ದೊಡ್ಡ ಪಾಲನ್ನು ಕಳೆದುಕೊಂಡಿರುತ್ತದೆ. ಸಾಮಾನ್ಯವಾಗಿ ಎಲ್ಲರೂ ಬರೆಯುವ ಚಾರ್ಟಿನಲ್ಲಿ, ಅಂದರೆ ಬಾಣಗಳಿಂದ ಜೋಡಿಸಿದ ಚಿತ್ರಗಳ ಸಾಲಿನಲ್ಲಿ, ಈ ನಷ್ಟವನ್ನು ತೋರಿಸಲು ಜಾಗವೇ ಇರುವುದಿಲ್ಲ. ಆದ್ದರಿಂದಲೇ ತಪ್ಪು ನುಸುಳುತ್ತದೆ. ಕೆಳಗೆ ಹೇಳುವ ಚಾರ್ಟಿನಲ್ಲಿ ಎರಡು ಅಳತೆಪಟ್ಟಿಗಳಿರುತ್ತವೆ: ಮೇಲೆ ಹುಟ್ಟಿನ ರಾಶಿ, ಕೆಳಗೆ ಉಳಿಕೆಯ ರಾಶಿ. ಇಲ್ಲಿ ಬರುವ ರಾಶಿಯ ಅಂಕಿಗಳೆಲ್ಲ ಸೂರ್ಯನ ಇಷ್ಟು ಪಟ್ಟು ಎಂಬ ಲೆಕ್ಕದಲ್ಲಿವೆ.

ಮೊದಲನೆಯ ಹಂತ: ಅಳತೆಪಟ್ಟಿ

ಅಂಗಡಿಯಲ್ಲಿ ಸಿಗುವ ಪೂರ್ಣ ಅಳತೆಯ ಡ್ರಾಯಿಂಗ್ ಶೀಟ್, ಅಂದರೆ ಸುಮಾರು 71 ಸೆಂ.ಮೀ. ಉದ್ದ, 56 ಸೆಂ.ಮೀ. ಅಗಲದ್ದು ಸಾಕು. ಅದನ್ನು ಅಡ್ಡಲಾಗಿ ಇಟ್ಟುಕೊಳ್ಳಿ. ನಕ್ಷತ್ರಗಳ ರಾಶಿ 0.08ರಿಂದ 100ರ ಆಚೆಗೂ ಹರಡಿದೆ. ಸಮ ಅಂತರದ ಅಳತೆಯಲ್ಲಿ ಇದನ್ನು ಬರೆದರೆ ಸೂರ್ಯನೂ ಅದಕ್ಕಿಂತ ಚಿಕ್ಕ ನಕ್ಷತ್ರಗಳೂ ಎಡ ಅಂಚಿನ ಒಂದು ಸೆಂಟಿಮೀಟರಿನೊಳಗೆ ಕೂತುಬಿಡುತ್ತವೆ. ಬಾನಿನ ಬಹುಪಾಲು ನಕ್ಷತ್ರಗಳು ಇರುವುದೇ ಅಲ್ಲಿ. ಆದ್ದರಿಂದ ಲಾಗರಿದಮ್ ಅಳತೆ ಬೇಕು. ರಾಶಿ ಹತ್ತು ಪಟ್ಟಾದಾಗಲೆಲ್ಲ 20 ಸೆಂ.ಮೀ. ಬಲಕ್ಕೆ ಸರಿಯಿರಿ. ಎಡ ಅಂಚಿನಿಂದ ದೂರವನ್ನು ಈ ಸೂತ್ರದಿಂದ ಪಡೆಯಬಹುದು:

```
x = 28 + 20 × log10(M)
```

ಇಲ್ಲಿ x ಸೆಂಟಿಮೀಟರಿನಲ್ಲಿದೆ, M ಎಂದರೆ ರಾಶಿ. ಸೂರ್ಯ 28 ಸೆಂ.ಮೀ. ಬಳಿ ಬರುತ್ತಾನೆ. 0.08 ಬರುವುದು 6.1ರಲ್ಲಿ, 0.5 ಬರುವುದು 22ರಲ್ಲಿ. 2ಕ್ಕೆ 34, 5ಕ್ಕೆ 42, 8ಕ್ಕೆ 46.1, 10ಕ್ಕೆ 48, 18ಕ್ಕೆ 53.1, 25ಕ್ಕೆ 56, 100ಕ್ಕೆ 68 ಸೆಂ.ಮೀ. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ `log` ಗುಂಡಿ ಒತ್ತಿ ಒಂದೆರಡನ್ನು ನೀವೇ ತಾಳೆ ನೋಡಿಕೊಳ್ಳಿ. `ln` ಒತ್ತಿದರೆ ಅಂಕಿ ಬೇರೆಯಾಗುತ್ತದೆ. 10ಕ್ಕೆ 48ರ ಬದಲು 74 ಬಂದು ಗೆರೆ ಹಾಳೆಯಿಂದಲೇ ಹೊರಗೆ ಹೋದರೆ ಒತ್ತಿದ ಗುಂಡಿ ತಪ್ಪೆಂದು ತಿಳಿಯಿರಿ.

ಹಾಳೆಯ ಮೇಲಂಚಿನಿಂದ 10 ಸೆಂ.ಮೀ. ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಅದು ಹುಟ್ಟಿನ ರಾಶಿ. ಮೇಲಂಚಿನಿಂದ 50 ಸೆಂ.ಮೀ. ಕೆಳಗೆ ಇನ್ನೊಂದು ಗೆರೆ. ಅದು ಉಳಿಕೆಯ ರಾಶಿ. ಎರಡಕ್ಕೂ ಒಂದೇ ಅಳತೆ, ಒಂದೇ ಗುರುತುಗಳು. ಇದು ಮುಖ್ಯ. ಅಳತೆ ಒಂದೇ ಆಗಿದ್ದಾಗ ಮಾತ್ರ, ರಾಶಿ ಕಳೆದುಕೊಂಡ ನಕ್ಷತ್ರದ ಗೆರೆ ಎಡಕ್ಕೆ ವಾಲುವುದು ಕಣ್ಣಿಗೆ ಕಾಣುತ್ತದೆ.

ನಡುವಿನ ಜಾಗವನ್ನು ನಾಲ್ಕು ಪಟ್ಟಿಗಳಾಗಿ ವಿಂಗಡಿಸಿ. 10ರಿಂದ 18 ಸೆಂ.ಮೀ.ವರೆಗೆ ಹೈಡ್ರೋಜನ್ ಉರಿಯುವ ಮುಖ್ಯ ಶ್ರೇಣಿಯ ಕಾಲ. 28ರವರೆಗೆ ಉಬ್ಬಿದ ದೈತ್ಯ ಸ್ಥಿತಿ. 36ರವರೆಗೆ ಸಾವಿನ ಬಗೆ. ಉಳಿದ 14 ಸೆಂ.ಮೀ. ಖಾಲಿ ಬಿಡಿ, ವಾಲುವ ಗೆರೆಗಳು ಅಲ್ಲಿ ಬರುತ್ತವೆ.

ಎರಡನೆಯ ಹಂತ: ಆಯುಸ್ಸು

ಮುಖ್ಯ ಶ್ರೇಣಿಯ ಪಟ್ಟಿಯಲ್ಲಿ ಪ್ರತಿ ಗುರುತಿನ ಕೆಳಗೆ ಆ ನಕ್ಷತ್ರ ಹೈಡ್ರೋಜನನ್ನು ಎಷ್ಟು ಕಾಲ ಉರಿಸುತ್ತದೆ ಎಂದು ಬರೆಯಬೇಕು. ಇಂಧನ ರಾಶಿಗೆ ತಕ್ಕಂತೆ ಹೆಚ್ಚುತ್ತದೆ. ಆದರೆ ಬೆಳಕು ಸುಮಾರಾಗಿ ರಾಶಿಯ ಮೂರೂವರೆ ಘಾತದಷ್ಟು ಏರುತ್ತದೆ. ಇಂಧನವನ್ನು ಖರ್ಚಿನಿಂದ ಭಾಗಿಸಿ, ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷ ಎಂದು ಇಟ್ಟುಕೊಂಡರೆ, ಕೋಟಿ ವರ್ಷಗಳ ಲೆಕ್ಕದಲ್ಲಿ ಈ ಸೂತ್ರ ಸಿಗುತ್ತದೆ:

```
t = 1000 / M^2.5
```

2 ಪಟ್ಟು ರಾಶಿಗೆ ಸುಮಾರು 177 ಕೋಟಿ, 5 ಪಟ್ಟಿಗೆ ಸುಮಾರು 18 ಕೋಟಿ ವರ್ಷ. ರಾಶಿ ಹೆಚ್ಚಿದಷ್ಟೂ ಆಯುಸ್ಸು ಕುಸಿಯುತ್ತದೆ ಎಂಬುದು ಎದ್ದು ಕಾಣುತ್ತದೆ. ಆದರೆ ಈ ಸೂತ್ರವನ್ನು ಕಣ್ಣುಮುಚ್ಚಿ ಬಲಕ್ಕೆ ಎಳೆದುಕೊಂಡು ಹೋಗಬೇಡಿ. 40 ಪಟ್ಟು ರಾಶಿಗೆ ಅದು ಬರೀ ಹತ್ತು ಲಕ್ಷ ವರ್ಷ ಎನ್ನುತ್ತದೆ. ವಾಸ್ತವದಲ್ಲಿ ಎಷ್ಟೇ ಭಾರದ ನಕ್ಷತ್ರವಾದರೂ ಸುಮಾರು 30 ಲಕ್ಷ ವರ್ಷ ಬಾಳುತ್ತದೆ. ಅತಿ ಭಾರದ ನಕ್ಷತ್ರಗಳಲ್ಲಿ ಬೆಳಕು ಮೂರೂವರೆ ಘಾತದಲ್ಲಿ ಏರುವುದನ್ನು ಬಿಟ್ಟು ರಾಶಿಗೆ ಹತ್ತಿರಹತ್ತಿರ ನೇರ ಅನುಪಾತದಲ್ಲಿ ಏರುವುದೇ ಇದಕ್ಕೆ ಕಾರಣ. ಹಾಗಾಗಿ 10ರ ಬಲಕ್ಕೆ ಸೂತ್ರದ ಅಂಕಿ ಬರೆಯದೆ ‘ಸುಮಾರು ಎರಡು ಕೋಟಿಯಿಂದ ಕೆಲವು ದಶಲಕ್ಷ ವರ್ಷದವರೆಗೆ’ ಎಂದಷ್ಟೇ ಬರೆಯುವುದು ಪ್ರಾಮಾಣಿಕ.

ಎಡಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. ವಿಶ್ವದ ವಯಸ್ಸು 1380 ಕೋಟಿ ವರ್ಷ. ಸೂತ್ರವನ್ನು ತಿರುಗಿಸಿ, ಅಷ್ಟೇ ಆಯುಸ್ಸು ಯಾವ ರಾಶಿಗೆ ಎಂದು ಕೇಳಿದರೆ 0.88 ಬರುತ್ತದೆ. ಅದಕ್ಕಿಂತ ಸಾಕಷ್ಟು ಹಗುರವಾದ ಯಾವ ಒಂಟಿ ನಕ್ಷತ್ರವೂ ಈವರೆಗೆ ಮುಪ್ಪಾಗಿ ಸತ್ತಿಲ್ಲ. ಸಾಯಲು ವಿಶ್ವಕ್ಕೆ ಅಷ್ಟು ವಯಸ್ಸಾಗಿಲ್ಲ. ಆದ್ದರಿಂದ 26.9 ಸೆಂ.ಮೀ. ಬಳಿ ಒಂದು ಲಂಬ ಗೆರೆ ಎಳೆದು, ಅದರ ಎಡಕ್ಕೆ ದೈತ್ಯ ಸ್ಥಿತಿ, ಸಾವು, ಉಳಿಕೆ ಎಲ್ಲವನ್ನೂ ಚುಕ್ಕಿಗೆರೆಯಲ್ಲೇ ಬರೆಯಿರಿ. ಅವು ಲೆಕ್ಕದಿಂದ ಬಂದ ಭವಿಷ್ಯ, ಯಾರೂ ಕಂಡದ್ದಲ್ಲ. ಕೆಂಪು ಕುಬ್ಜದ ಅಂತ್ಯವನ್ನು ಸೂರ್ಯನ ಅಂತ್ಯದಷ್ಟೇ ದಪ್ಪ ಗೆರೆಯಲ್ಲಿ ಬರೆದ ಚಾರ್ಟನ್ನು ನಾನು ಒಪ್ಪುವುದಿಲ್ಲ.

ಮೂರನೆಯ ಹಂತ: ಗಡಿಗಳು

0.08ರ ಕೆಳಗೆ ಹೈಡ್ರೋಜನ್ ಸ್ಥಿರವಾಗಿ ಉರಿಯುವುದಿಲ್ಲ. ಅಲ್ಲಿರುವುದು ಕಂದು ಕುಬ್ಜಗಳು. 0.08ರಿಂದ ಸುಮಾರು 0.5ರವರೆಗೆ ಕೆಂಪು ಕುಬ್ಜಗಳು. ಇವುಗಳ ತಿರುಳು ಹೀಲಿಯಮ್ಮನ್ನು ಹೊತ್ತಿಸುವಷ್ಟು ಎಂದೂ ಕಾಯುವುದಿಲ್ಲವಾದ್ದರಿಂದ ಕೊನೆಗೆ ಹೀಲಿಯಮ್ ಶ್ವೇತ ಕುಬ್ಜಗಳಾಗುತ್ತವೆ. ಇವೆರಡನ್ನು ಬರೆದು ಮುಂದೆ ಸಾಗಿ.

0.5ರಿಂದ 8ರವರೆಗಿನದು ಚಾರ್ಟಿನ ಹೊಟ್ಟೆ. ಹೈಡ್ರೋಜನ್ ತಿರುಳಿನಲ್ಲಿ ಮುಗಿದ ಮೇಲೆ ನಕ್ಷತ್ರ ಕೆಂಪು ದೈತ್ಯವಾಗಿ ಉಬ್ಬುತ್ತದೆ. ಹೀಲಿಯಮ್ ಉರಿದು ಕಾರ್ಬನ್ ಮತ್ತು ಆಕ್ಸಿಜನ್ ಆಗುತ್ತದೆ. ಅದಕ್ಕೂ ಮುಂದಿನ ಉರಿಗೆ ಬೇಕಾದ ಕಾವು ಸಿಗುವುದಿಲ್ಲ. ಅಷ್ಟರಲ್ಲಿ ಹೊರಮೈ ಸಡಿಲಗೊಂಡು, ನಿಧಾನಗತಿಯ ದಟ್ಟ ಗಾಳಿಯಾಗಿ ಹರಿದುಹೋಗುತ್ತದೆ. ಕೊನೆಯ ಪದರ ಬಿಸಿ ತಿರುಳಿನ ಬೆಳಕಿನಿಂದ ಹೊಳೆಯುವಾಗ ಅದನ್ನು ಗ್ರಹೀಯ ನೀಹಾರಿಕೆ ಎನ್ನುತ್ತೇವೆ. ಅದರಲ್ಲಿ ಕಾಣುವುದು ಕಳೆದುಹೋದ ರಾಶಿಯ ಕೊನೆಯ ಪಾಲು ಮಾತ್ರ. ಹೆಚ್ಚಿನದು ಅದಕ್ಕೂ ಮೊದಲೇ ಹೋಗಿರುತ್ತದೆ. ಆದ್ದರಿಂದ ‘ರಾಶಿ ನಷ್ಟ’ ಎಂಬ ಮಾತನ್ನು ಸಾವಿನ ಪಟ್ಟಿಯಲ್ಲಿ ಬರೆಯದೆ ದೈತ್ಯ ಸ್ಥಿತಿಯ ಪಟ್ಟಿಯ ಕೆಳಭಾಗದಲ್ಲಿ ಬರೆಯಿರಿ.

8ರ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆಯಿರಿ. 8ರಿಂದ 10ರವರೆಗಿನ ಎರಡು ಸೆಂಟಿಮೀಟರ್ ನಿಜಕ್ಕೂ ಮಸುಕಾದ ಪ್ರದೇಶ. ಅಲ್ಲಿನ ಕೆಲವು ನಕ್ಷತ್ರಗಳು ಆಕ್ಸಿಜನ್ ಮತ್ತು ನಿಯಾನ್ ತುಂಬಿದ ಭಾರವಾದ ಶ್ವೇತ ಕುಬ್ಜಗಳಾಗಿ ಉಳಿಯಬಹುದು, ಕೆಲವು ಕುಸಿದು ಸಿಡಿಯಬಹುದು. ಅಲ್ಲಿ ಎರಡೂ ಕಡೆಯ ಬಣ್ಣ ಒಂದರೊಳಗೊಂದು ಬೆರೆಯುವಂತೆ ಗೀಚಿ. ಫೆಬ್ರವರಿಯ ರಾತ್ರಿ ಒಂಬತ್ತರ ಸುಮಾರಿಗೆ ವಿಜಯಪುರದ ಯಾವುದೇ ಮನೆಯ ಮಾಳಿಗೆಯಿಂದ ದಕ್ಷಿಣಕ್ಕೆ ನೋಡಿದರೆ, ಲುಬ್ಧಕದ ಕೆಳಗೆ, ದಿಗಂತದಿಂದ ಸುಮಾರು 20 ಡಿಗ್ರಿ ಮೇಲೆ ಅಗಸ್ತ್ಯ ಕಾಣುತ್ತದೆ. ಅದರ ರಾಶಿಯ ಅಂದಾಜುಗಳು ಸರಿಯಾಗಿ ಈ ಮಸುಕು ಪ್ರದೇಶದ ಆಸುಪಾಸಿನಲ್ಲೇ ಬರುತ್ತವೆ. ಅದರ ಹೆಸರನ್ನು ಅಲ್ಲಿ ಬರೆದು, ಅಂತ್ಯದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

10ರ ಬಲಕ್ಕೆ ಹೋದಂತೆ ತಿರುಳಿನಲ್ಲಿ ಕಾರ್ಬನ್, ನಿಯಾನ್, ಆಕ್ಸಿಜನ್, ಸಿಲಿಕಾನ್ ಒಂದರ ನಂತರ ಒಂದು ಉರಿದು ಕಬ್ಬಿಣ ತುಂಬುತ್ತದೆ. ಕಬ್ಬಿಣವನ್ನು ಬೆಸೆದರೆ ಶಕ್ತಿ ಸಿಗುವುದಿಲ್ಲ, ಖರ್ಚಾಗುತ್ತದೆ. ಈ ಕಬ್ಬಿಣದ ತಿರುಳು ಬೆಳೆಯುತ್ತ ಬೆಳೆಯುತ್ತ ಸುಮಾರು 1.4ನ್ನು ಮುಟ್ಟಿದಾಗ ಚಂದ್ರಶೇಖರ್ ಮಿತಿ ತನ್ನ ಕೆಲಸ ಮಾಡುತ್ತದೆ. ಭೂಮಿಯಷ್ಟು ದೊಡ್ಡ ತಿರುಳು ಒಂದು ಸೆಕೆಂಡಿನೊಳಗೆ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತದೆ, ಹೊರಮೈ ಸೂಪರ್ನೋವಾ ಆಗಿ ಸಿಡಿಯುತ್ತದೆ. ನಕ್ಷತ್ರ 12 ಪಟ್ಟಿನದಿರಲಿ, 18 ಪಟ್ಟಿನದಿರಲಿ, ಕುಸಿಯುವುದು ಆ ತಿರುಳು. ನಮ್ಮ ಭಾಗದ ರೈತರು ಮಳೆಯ ಹೆಸರಾಗಿ ಬಲ್ಲ ಆರಿದ್ರಾ ನಕ್ಷತ್ರ ಈ ಪಟ್ಟಿಗೆ ಸೇರಿದ್ದು. ಅದು ಈಗಾಗಲೇ ಕೆಂಪು ಮಹಾದೈತ್ಯ.

ನ್ಯೂಟ್ರಾನ್ ನಕ್ಷತ್ರ ಮತ್ತು ಕಪ್ಪು ಕುಳಿಯ ನಡುವಿನ ಗಡಿಯನ್ನು ಹಲವು ಚಾರ್ಟುಗಳು 25ರಲ್ಲಿ ಒಂದು ಗೆರೆಯಾಗಿ ತೋರಿಸುತ್ತವೆ. ಅಷ್ಟು ಖಚಿತತೆ ಅಲ್ಲಿ ಇಲ್ಲ. ಸಿಡಿಯುವ ಮೊದಲೇ ದೂರದರ್ಶಕದ ಚಿತ್ರಗಳಲ್ಲಿ ಸಿಕ್ಕಿದ್ದ ಕೆಂಪು ಮಹಾದೈತ್ಯಗಳ ರಾಶಿ ಸುಮಾರು 18ರ ಬಳಿ ನಿಂತುಬಿಡುತ್ತದೆ, ಅದಕ್ಕಿಂತ ಭಾರದ ಕೆಂಪು ಮಹಾದೈತ್ಯಗಳು ಬಾನಿನಲ್ಲಿ ಇದ್ದರೂ. ಅವುಗಳಲ್ಲಿ ಕೆಲವು ಸದ್ದಿಲ್ಲದೆ ಕಪ್ಪು ಕುಳಿಯಾಗುತ್ತಿರಬಹುದು ಎಂಬುದು ಒಂದು ವಿವರಣೆ. ಗಣಕ ಮಾದರಿಗಳಲ್ಲೂ ಈ ಪ್ರದೇಶದಲ್ಲಿ ಸಿಡಿಯುವವು, ಸಿಡಿಯದವು ಬೆರೆತು ಬರುತ್ತವೆ. ಹೀಗಾಗಿ 18ರಿಂದ 25ರವರೆಗೆ ಎರಡೂ ಬಣ್ಣಗಳ ಪಟ್ಟೆಗಳನ್ನು ಎಳೆಯುವುದು ಸರಿ. ಸುಮಾರು 40ರ ಆಚೆ ದೈತ್ಯ ಸ್ಥಿತಿಯ ಪಟ್ಟಿಯಲ್ಲಿ ಕೆಂಪು ಬಣ್ಣ ಹಾಕಬೇಡಿ. ಅಲ್ಲಿನ ನಕ್ಷತ್ರಗಳು ತಮ್ಮ ಹೊರಮೈಯನ್ನು ಬಿರುಗಾಳಿಯಂತೆ ಊದಿಬಿಟ್ಟು ಬಿಸಿಯಾದ ನೀಲಿ ತಿರುಳನ್ನೇ ತೋರಿಸುತ್ತವೆ. ಅವಕ್ಕೆ ವುಲ್ಫ್–ರಾಯೆ ನಕ್ಷತ್ರಗಳೆಂದು ಹೆಸರು.

ನಾಲ್ಕನೆಯ ಹಂತ: ವಾಲುವ ಗೆರೆಗಳು

ಈಗ ಖಾಲಿ ಬಿಟ್ಟಿದ್ದ ಜಾಗಕ್ಕೆ ಬನ್ನಿ. ಮೇಲಿನ ಅಳತೆಯ ಒಂದು ಬಿಂದುವಿನಿಂದ ನೇರ ಕೆಳಗೆ 36 ಸೆಂ.ಮೀ.ವರೆಗೆ ಇಳಿದು, ಅಲ್ಲಿಂದ ಕೆಳಗಿನ ಅಳತೆಯಲ್ಲಿ ಉಳಿಕೆಯ ರಾಶಿಗೆ ಓರೆಯಾಗಿ ಗೆರೆ ಎಳೆಯಬೇಕು. ಸೂರ್ಯ 1ರಿಂದ ಹೊರಟು ಸುಮಾರು 0.55ಕ್ಕೆ, ಅಂದರೆ 22.8 ಸೆಂ.ಮೀ.ಗೆ ಇಳಿಯುತ್ತಾನೆ. 2 ಪಟ್ಟಿನ ನಕ್ಷತ್ರ ಸುಮಾರು 0.63ಕ್ಕೆ, ಅಂದರೆ 24ಕ್ಕೆ. 5ರಿಂದ 6 ಪಟ್ಟಿನದು ಸುಮಾರು 1ಕ್ಕೆ. 10ರಿಂದ 18ರವರೆಗಿನ ನಕ್ಷತ್ರಗಳ ಗೆರೆಗಳೆಲ್ಲ 1.4ರ ಆಸುಪಾಸಿಗೆ, ಅಂದರೆ 31 ಸೆಂ.ಮೀ. ಹತ್ತಿರಕ್ಕೆ ಬಂದು ಕೂಡುತ್ತವೆ.

ಹೀಗೆ ಎಳೆದ ಮೇಲೆ ಒಂದು ಆಕಾರ ತಾನಾಗಿ ಮೂಡುತ್ತದೆ. ಮೇಲೆ ಸೂರ್ಯನಿಂದ 18 ಪಟ್ಟಿನವರೆಗೆ 25 ಸೆಂ.ಮೀ. ಅಗಲ ಹರಡಿದ ಗೆರೆಗಳು ಕೆಳಗೆ ಬರುವಷ್ಟರಲ್ಲಿ ಎಂಟೇ ಸೆಂಟಿಮೀಟರಿನೊಳಗೆ ಒತ್ತಿಕೊಂಡಿರುತ್ತವೆ. ಲಾಳಿಕೆಯಂತೆ ಕಿರಿದಾಗುವ ಈ ಆಕಾರವೇ ಚಾರ್ಟಿನ ತಿರುಳು. ಹುಟ್ಟಿನಲ್ಲಿ ಹದಿನೆಂಟು ಪಟ್ಟು ವ್ಯತ್ಯಾಸವಿದ್ದದ್ದು ಉಳಿಕೆಯಲ್ಲಿ ಎರಡೂವರೆ ಪಟ್ಟಿಗೆ ಇಳಿದಿರುತ್ತದೆ. 1.4 ಎಂಬ ಮಿತಿಯನ್ನು ಕೆಂಪು ಶಾಯಿಯಲ್ಲಿ ಕೆಳಗಿನ ಅಳತೆಯ ಮೇಲೆ ಮಾತ್ರ ಗುರುತು ಮಾಡಿ. ಮೇಲಿನ ಅಳತೆಯಲ್ಲಿ ಆ ಅಂಕಿಯೇ ಇರಕೂಡದು.

ನ್ಯೂಟ್ರಾನ್ ನಕ್ಷತ್ರಗಳು 2ಕ್ಕಿಂತ ತುಸು ಹೆಚ್ಚಿನ ರಾಶಿಯವರೆಗೆ ಸಿಕ್ಕಿವೆ. ಕಪ್ಪು ಕುಳಿಗಳ ರಾಶಿ ಹೆಚ್ಚಾಗಿ 5ರಿಂದ ಆಚೆಗೆ ಕಾಣುತ್ತದೆ. ನಡುವಿನ ಜಾಗ ಬಹುತೇಕ ಖಾಲಿ. ಅದನ್ನು ಖಾಲಿಯಾಗಿಯೇ ಬಿಡಿ.

ಐದನೆಯ ಹಂತ: ಲುಬ್ಧಕದಿಂದ ಪರೀಕ್ಷೆ

ಚಾರ್ಟ್ ಸರಿಯಿದೆಯೇ ಎಂದು ನೋಡಲು ಲುಬ್ಧಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಒಂಟಿ ನಕ್ಷತ್ರವಲ್ಲ. ಅದರ ಓಲಾಟವನ್ನು ಗಮನಿಸಿ, ಕಾಣದ ಜೊತೆಗಾರನೊಂದು ಇರಬೇಕೆಂದು ಖಗೋಳಜ್ಞ ಬೆಸೆಲ್ 1844ರಲ್ಲಿ ಹೇಳಿದರು. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಅದನ್ನು ದೂರದರ್ಶಕದಲ್ಲಿ ಕಂಡರು. ನಮ್ಮ ಕಣ್ಣಿಗೆ ಹೊಳೆಯುವ ಲುಬ್ಧಕ ‘ಎ’ಯ ರಾಶಿ 2.06. ಅದರ ಜೊತೆಗಾರ ‘ಬಿ’ ಒಂದು ಶ್ವೇತ ಕುಬ್ಜ, ರಾಶಿ 1.02, ಗಾತ್ರ ಭೂಮಿಯಷ್ಟು. ಎರಡೂ ಸುಮಾರು 50 ವರ್ಷಕ್ಕೊಮ್ಮೆ ಪರಸ್ಪರ ಸುತ್ತು ಬರುತ್ತವೆ.

ಇಲ್ಲಿ ಒಂದು ತೊಡಕು ಇದೆ. ಎರಡೂ ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದವು. ಭಾರವಾದದ್ದೇ ಮೊದಲು ಸಾಯಬೇಕು. ಆದರೆ ಸತ್ತಿರುವುದು ಹಗುರವಾದದ್ದು. ಬಾಣಗಳಿಂದ ಜೋಡಿಸಿದ ಸಾಮಾನ್ಯ ಚಾರ್ಟ್ ಇದನ್ನು ಬಿಡಿಸಲಾರದು. ನಮ್ಮದು ಬಿಡಿಸಬಲ್ಲದು: 1.02 ಎಂಬುದು ಕೆಳಗಿನ ಅಳತೆಯ ಅಂಕಿ, 2.06 ಮೇಲಿನ ಅಳತೆಯದ್ದು. ಒಂದನ್ನೊಂದು ನೇರವಾಗಿ ಹೋಲಿಸುವುದೇ ತಪ್ಪು. ‘ಬಿ’ಯ ಹುಟ್ಟಿನ ರಾಶಿ ಬೇಕು.

ಅದನ್ನು ಹೀಗೆ ಪಡೆಯಿರಿ. ಈ ಜೋಡಿಯ ವಯಸ್ಸು ಸುಮಾರು 23 ಕೋಟಿ ವರ್ಷ. ‘ಬಿ’ಯ ಮೇಲ್ಮೈ ಈಗ ಸುಮಾರು 25,000 ಕೆಲ್ವಿನ್ ಕಾವಿನಲ್ಲಿದೆ, ಆ ಮಟ್ಟಕ್ಕೆ ತಣಿಯಲು ಅಷ್ಟು ರಾಶಿಯ ಶ್ವೇತ ಕುಬ್ಜಕ್ಕೆ 12ರಿಂದ 13 ಕೋಟಿ ವರ್ಷ ಬೇಕು. ಹಾಗಾದರೆ ಅದು ನಕ್ಷತ್ರವಾಗಿ ಬಾಳಿದ್ದು ಉಳಿದ ಸುಮಾರು 10 ಕೋಟಿ ವರ್ಷ. ಆಯುಸ್ಸಿನ ಸೂತ್ರವನ್ನು ತಿರುಗಿಸಿ:

```
M = (1000 / t)^0.4 = (1000 / 10)^0.4 ≈ 6.3
```

ವಿವರವಾದ ಮಾದರಿಗಳು 5ರಿಂದ 6ರ ನಡುವಿನ ಅಂಕಿ ಕೊಡುತ್ತವೆ. ನಮ್ಮ ಸರಳ ಸೂತ್ರ ಈ ರಾಶಿಯಲ್ಲಿ ಆಯುಸ್ಸನ್ನು ಹೆಚ್ಚಾಗಿ ಹೇಳುವುದರಿಂದ ಉತ್ತರ ತುಸು ಮೇಲಕ್ಕೆ ಹೋಗಿದೆ. ಮೇಲಿನ ಅಳತೆಯಲ್ಲಿ 5.5ನ್ನು, ಅಂದರೆ 42.8 ಸೆಂ.ಮೀ.ಯನ್ನು ಗುರುತಿಸಿ, ಅಲ್ಲಿಂದ ಕೆಳಗಿನ 28.2 ಸೆಂ.ಮೀ.ಗೆ ಗೆರೆ ಎಳೆಯಿರಿ. ಅದು ನೀವು ಮೊದಲೇ ಎಳೆದಿದ್ದ 5–6 ಪಟ್ಟಿನ ಗೆರೆಯ ಮೇಲೆಯೇ ಕೂರಬೇಕು. ಕೂತರೆ ಚಾರ್ಟ್ ಸರಿ. ತೊಡಕೂ ಬಗೆಹರಿಯಿತು: ಹುಟ್ಟಿದಾಗ ‘ಬಿ’ಯೇ ಭಾರವಾಗಿತ್ತು, ಸೂರ್ಯನಂಥ ನಾಲ್ಕಕ್ಕೂ ಹೆಚ್ಚು ನಕ್ಷತ್ರಗಳಿಗೆ ಸಾಕಾಗುವಷ್ಟು ದ್ರವ್ಯವನ್ನು ಅದು ಕಳೆದುಕೊಂಡಿದೆ. 1.4ಕ್ಕಿಂತ ಎಷ್ಟೋ ಭಾರವಾಗಿ ಹುಟ್ಟಿಯೂ ಶ್ವೇತ ಕುಬ್ಜವೇ ಆಗಿದೆ.

ಭಾರದ ಕಡೆಗೆ ಒಂದು ಪರೀಕ್ಷೆ ಬೇಕೆಂದರೆ 1987ರ ಫೆಬ್ರವರಿಯಲ್ಲಿ ದೊಡ್ಡ ಮೆಗೆಲನ್ ಮೋಡವೆಂಬ ನೆರೆಯ ಗೆಲಾಕ್ಸಿಯಲ್ಲಿ ಕಂಡ ಸೂಪರ್ನೋವಾ ಇದೆ. ಸಿಡಿದ ನಕ್ಷತ್ರ ಮೊದಲೇ ಗುರುತಿಗೆ ಸಿಕ್ಕಿತ್ತು. ರಾಶಿ 20ರ ಸಮೀಪ. ಆದರೆ ಸಿಡಿಯುವಾಗ ಅದು ನೀಲಿ ಮಹಾದೈತ್ಯವಾಗಿತ್ತು, ಕೆಂಪಲ್ಲ. ನಿಮ್ಮ ಪಟ್ಟಿಯಲ್ಲಿ 20ರ ಬಳಿ ಬರೀ ಕೆಂಪು ಇದ್ದರೆ, ಇದನ್ನು ಅಪವಾದವೆಂದು ಬದಿಯಲ್ಲಿ ಬರೆಯಿರಿ, ಬಣ್ಣ ಬದಲಿಸಬೇಡಿ.

ಕೊನೆಗೆ ಹಾಳೆಯ ಕೆಳಗೆ ಬರೆಯಬೇಕಾದ ಎರಡು ಷರತ್ತುಗಳು

ಒಂದು, ಈ ಚಾರ್ಟ್ ಒಂಟಿಯಾಗಿ ಬಾಳುವ, ಅಥವಾ ಲುಬ್ಧಕದಂತೆ ಜೊತೆಗಾರನಿಂದ ಸಾಕಷ್ಟು ದೂರವಿರುವ ನಕ್ಷತ್ರಗಳಿಗೆ. ತೀರಾ ಹತ್ತಿರದ ಜೋಡಿಗಳಲ್ಲಿ ಒಂದರ ದ್ರವ್ಯ ಇನ್ನೊಂದಕ್ಕೆ ಹರಿಯುತ್ತದೆ. ಆಗ ಹುಟ್ಟಿನ ರಾಶಿಯೊಂದರಿಂದಲೇ ಅಂತ್ಯ ತಿಳಿಯುವುದಿಲ್ಲ. ಅಂಥ ಜೋಡಿಯಲ್ಲಿ ಶ್ವೇತ ಕುಬ್ಜವೊಂದು ದ್ರವ್ಯ ಪಡೆಯುತ್ತ 1.4ರ ಹತ್ತಿರ ಬಂದರೆ ಪೂರ್ತಿಯಾಗಿ ಸಿಡಿದು ಏನೂ ಉಳಿಯದೆ ಹೋಗಬಹುದು. 0.45ಕ್ಕಿಂತ ಹಗುರವಾದ ಶ್ವೇತ ಕುಬ್ಜಗಳು ಈಗಲೇ ಬಾನಿನಲ್ಲಿ ಸಿಗುವುದಕ್ಕೂ ಮುಖ್ಯವಾಗಿ ಇಂಥ ಜೋಡಿಗಳೇ ಕಾರಣ. ಚುಕ್ಕಿಗೆರೆಯ ಭಾಗದ ಬಗ್ಗೆ ಯಾರಾದರೂ ಆಕ್ಷೇಪ ಎತ್ತಿದರೆ ಕೊಡಬೇಕಾದ ಉತ್ತರ ಇದು.

ಎರಡು, ಗಡಿಗಳೆಲ್ಲ ಸೂರ್ಯನಷ್ಟು ಲೋಹಾಂಶವಿರುವ ನಕ್ಷತ್ರಗಳವು. ಖಗೋಳದ ಲೆಕ್ಕದಲ್ಲಿ ಹೀಲಿಯಮ್‌ಗಿಂತ ಭಾರವಾದ ಎಲ್ಲವೂ ಲೋಹವೇ. ಲೋಹಾಂಶ ಕಡಿಮೆಯಿದ್ದರೆ ಭಾರಿ ನಕ್ಷತ್ರಗಳ ಗಾಳಿ ಬಲಹೀನವಾಗಿ, ಅವು ಕಡಿಮೆ ರಾಶಿ ಕಳೆದುಕೊಂಡು ಹೆಚ್ಚು ಭಾರದ ಕಪ್ಪು ಕುಳಿಗಳನ್ನು ಉಳಿಸುತ್ತವೆ. ಸುಮಾರು 140ರಿಂದ 260ರವರೆಗಿನ ಅಂಥ ನಕ್ಷತ್ರಗಳು ಉಳಿಕೆಯೇ ಇಲ್ಲದಂತೆ ಸಿಡಿಯಬೇಕೆಂದು ಲೆಕ್ಕ ಹೇಳುತ್ತದೆ. ನಮ್ಮ ಹಾಳೆ 100ಕ್ಕೇ ಮುಗಿಯುವುದರಿಂದ, ಬಲ ಅಂಚಿನಲ್ಲಿ ಒಂದು ಬಾಣ ಹಾಕಿ ಇಷ್ಟನ್ನು ಸಣ್ಣ ಅಕ್ಷರದಲ್ಲಿ ಬರೆಯಿರಿ.